ಒಂದು ತಿಂಗಳು, ಮೂರು ಅಂಕಿ: ತ್ರೀ-ಬಿಯಲ್ಲಿ ಕ್ರೆಡಿಟ್ ಹೊಂದಿಸುವ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಸಂತೇಪೇಟೆ ಕಡೆಯಿಂದ ಅಂಗಡಿ ಬಾಗಿಲು ಹಾಕಿಕೊಂಡು ಬಂದವರಿದ್ದೀರಿ, ಲೆಕ್ಕ ಬರೆಯುವವರೂ ಇದ್ದೀರಿ. ಜಿಎಸ್‌ಟಿ ಎಂದರೇನು ಎಂಬಲ್ಲಿಂದ ಶುರುಮಾಡುವುದಿಲ್ಲ. ಮಾರಿದ್ದರ ಮೇಲಿನ ತೆರಿಗೆಯಲ್ಲಿ ಕೊಂಡಿದ್ದರ ಮೇಲಿನ ತೆರಿಗೆ ಕಳೆದು ಉಳಿದದ್ದನ್ನು ತಿಂಗಳ ತ್ರೀ-ಬಿ ರಿಟರ್ನಿನಲ್ಲಿ ಕಟ್ಟುವುದು ಎಲ್ಲರಿಗೂ ಗೊತ್ತು. ಆದರೆ ಆ ಕಳೆಯುವ ಲೆಕ್ಕದಲ್ಲೇ ಒಂದೇ ಅಂಗಡಿಗೆ, ಒಂದೇ ತಿಂಗಳಿಗೆ ಮೂರು ಬೇರೆ ಬೇರೆ ಉತ್ತರ ಬರಬಹುದು. ಅದು ಹೇಗೆ ಎನ್ನುವುದಷ್ಟೇ ಇವತ್ತಿನ ಮಾತು.

ಉದಾಹರಣೆಗೆ ಮೈಸೂರಿನ ಒಂದು ಎಲೆಕ್ಟ್ರಿಕಲ್ ಸಗಟು ಅಂಗಡಿ ಇದೆ ಅಂದುಕೊಳ್ಳಿ. ಎಲ್ಲ ಮಾಲಿಗೂ ದರ ಶೇ. 18. ಜೂನ್ ತಿಂಗಳಲ್ಲಿ ಮೈಸೂರು, ಮಂಡ್ಯ, ಚಾಮರಾಜನಗರ ಕಡೆಯ ಅಂಗಡಿಗಳಿಗೆ ಹೋದ ಮಾಲಿನ ಬೆಲೆ 12 ಲಕ್ಷ. ಅದರ ಮೇಲೆ ಸಿಜಿಎಸ್‌ಟಿ 1,08,000, ಎಸ್‌ಜಿಎಸ್‌ಟಿ 1,08,000. ಗಡಿ ದಾಟಿ ಗೂಡಲೂರಿಗೆ ಹೋದದ್ದು 2 ಲಕ್ಷ, ಅದಕ್ಕೆ ಐಜಿಎಸ್‌ಟಿ 36,000. ಒಟ್ಟು ಔಟ್‌ಪುಟ್ 2,52,000 ರೂಪಾಯಿ.

ಖರೀದಿಗೆ ಬನ್ನಿ. ಕೊಯಮತ್ತೂರಿನಿಂದ 7 ಲಕ್ಷದ ಮಾಲು ಬಂದಿದೆ, ಐಜಿಎಸ್‌ಟಿ 1,26,000. ಬೆಂಗಳೂರಿನಿಂದ ಬಂದದ್ದು 4,50,000, ಅದರ ಮೇಲೆ ಸಿಜಿಎಸ್‌ಟಿ 40,500, ಎಸ್‌ಜಿಎಸ್‌ಟಿ 40,500. ಒಟ್ಟು ಇನ್‌ಪುಟ್ 2,07,000. ಅಂಗಡಿಯ ಟ್ಯಾಲಿ ನೋಡಿದರೆ ಕಟ್ಟಬೇಕಾದದ್ದು 45,000. ಮಾಲೀಕರು ಬ್ಯಾಂಕಿನಲ್ಲಿ ಅಷ್ಟನ್ನೇ ಎತ್ತಿಟ್ಟಿರುತ್ತಾರೆ. ಇದು ಮೊದಲನೇ ಅಂಕಿ, ಮತ್ತು ಇದು ತಪ್ಪು.

ಯಾಕೆಂದರೆ ಕ್ರೆಡಿಟ್ ಇರುವುದು ನಮ್ಮ ಪುಸ್ತಕದ ಲೆಕ್ಕಕ್ಕಲ್ಲ, ಪೋರ್ಟಲ್ ಪ್ರತಿ ತಿಂಗಳು ಕೊಡುವ ಕ್ರೆಡಿಟ್ ಪಟ್ಟಿಯಾದ ಟೂ-ಬಿಯ ಲೆಕ್ಕಕ್ಕೆ. ಬಿಲ್ಲು ಕೈಯಲ್ಲಿರಬೇಕು, ಮಾಲು ಬಂದಿರಬೇಕು, ಅದರ ಜೊತೆಗೆ ಮಾರಿದವರು ಆ ಬಿಲ್ಲನ್ನು ತಮ್ಮ ಜಿಎಸ್‌ಟಿಆರ್-1ರಲ್ಲಿ ತೋರಿಸಿರಬೇಕು. ಜೂನ್ ತಿಂಗಳಿನದನ್ನು ಅವರು ಜುಲೈ 11ರೊಳಗೆ ಹಾಕಿದರೆ 14ನೇ ತಾರೀಖು ಬರುವ ನಮ್ಮ ಟೂ-ಬಿಯಲ್ಲಿ ಅದು ಕಾಣುತ್ತದೆ. ಅವರು 13ಕ್ಕೆ ಹಾಕಿದರೆ ಜೂನಿನ ಟೂ-ಬಿಗೆ ಬರುವುದಿಲ್ಲ, ಜುಲೈಯದಕ್ಕೆ ಹೋಗುತ್ತದೆ. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಸಣ್ಣ ಸಪ್ಲೈಯರ್ ಆದರೆ, ನಡುವಿನ ತಿಂಗಳಲ್ಲಿ ಐಎಫ್‌ಎಫ್‌ನಲ್ಲಿ ಬಿಲ್ಲು ಹಾಕದಿದ್ದಾಗ, ಏಪ್ರಿಲ್ ಬಿಲ್ಲಿನ ಕ್ರೆಡಿಟ್ ಕೂಡ ಜೂನಿನ ಟೂ-ಬಿವರೆಗೆ ಕಾಯಿಸುತ್ತದೆ. ಅಂಥವರ ಹತ್ತಿರ ಕೊಳ್ಳುವಾಗ ಬೆಲೆಯ ಜೊತೆಗೆ ಇದನ್ನೂ ಲೆಕ್ಕ ಹಾಕಿಕೊಳ್ಳಿ.

ನಮ್ಮ ಅಂಗಡಿಯಲ್ಲಿ ಬೆಂಗಳೂರಿನ ಒಂದು ಬಿಲ್ಲು, 50,000ದ್ದು, ಹೀಗೇ ತಪ್ಪಿಹೋಗಿದೆ. ಅದರ ತೆರಿಗೆ 9,000. ಹಾಗಾಗಿ ಈ ತಿಂಗಳು ಸಿಕ್ಕುವ ಸಿಜಿಎಸ್‌ಟಿ ಕ್ರೆಡಿಟ್ 36,000, ಎಸ್‌ಜಿಎಸ್‌ಟಿ 36,000. ಒಟ್ಟು 1,98,000. ಈಗ ಬಾಕಿ 54,000. ಇದು ಎರಡನೇ ಅಂಕಿ, ಸರಿಯಾದದ್ದು. ತಪ್ಪಿದ 9,000 ಎಲ್ಲೂ ಹೋಗಿಲ್ಲ, ಸಪ್ಲೈಯರ್ ಬಿಲ್ಲು ಹಾಕಿದ ಮೇಲೆ ಮುಂದಿನ ತಿಂಗಳು ತೆಗೆದುಕೊಳ್ಳಬಹುದು. ಆ ಆರ್ಥಿಕ ವರ್ಷ ಮುಗಿದ ಮೇಲಿನ ನವೆಂಬರ್ 30 ಅದಕ್ಕೆ ಕೊನೆಯ ಗಡುವು. ಅದಕ್ಕೂ ಮೊದಲೇ ವಾರ್ಷಿಕ ರಿಟರ್ನ್ ಹಾಕಿದರೆ ಗಡುವು ಅಲ್ಲಿಗೇ ಮುಗಿಯುತ್ತದೆ. 14ನೇ ತಾರೀಖು ಟೂ-ಬಿ ಇಳಿಸಿಕೊಂಡು ಟ್ಯಾಲಿಯ ಖರೀದಿ ಪಟ್ಟಿಯ ಪಕ್ಕ ಇಟ್ಟು, ಇಲ್ಲದ ಬಿಲ್ಲುಗಳ ಸಪ್ಲೈಯರಿಗೆ ಅವತ್ತೇ ಫೋನ್ ಮಾಡಿ. ಎಷ್ಟೋ ಸಲ ಬಿಲ್ಲು ಹಾಕಿರುತ್ತಾರೆ, ಆದರೆ ನಮ್ಮ ಜಿಎಸ್‌ಟಿ ನಂಬರಿನಲ್ಲಿ ಒಂದು ಅಕ್ಷರ ತಪ್ಪಿರುತ್ತದೆ, ಇಲ್ಲವೇ ನಂಬರೇ ಇಲ್ಲದ ಗಿರಾಕಿಯ ಸಾಲಿಗೆ ಸೇರಿಸಿರುತ್ತಾರೆ.

ಇನ್ನು ಮೂರನೇ ಅಂಕಿ 72,000. ಬಾಕಿ 54,000 ಇರುವಾಗ 72,000 ಕಟ್ಟಿ ಬರುವ ಅಂಗಡಿಗಳಿವೆ. ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ಕ್ರೆಡಿಟ್ ಲೆಡ್ಜರಿನಲ್ಲಿ ಮೂರು ಡಬ್ಬಿಗಳಿವೆ. ಸಿಜಿಎಸ್‌ಟಿ ಕೇಂದ್ರದ್ದು, ಎಸ್‌ಜಿಎಸ್‌ಟಿ ಕರ್ನಾಟಕದ್ದು. ಇವೆರಡರ ನಡುವೆ ಕೊಡು-ಕೊಳ್ಳುವಿಕೆ ಇಲ್ಲ. ಸಿಜಿಎಸ್‌ಟಿ ಕ್ರೆಡಿಟ್ಟಿನಿಂದ ಎಸ್‌ಜಿಎಸ್‌ಟಿ ಕಟ್ಟುವ ಹಾಗಿಲ್ಲ, ಅತ್ತಲಿಂದ ಇತ್ತಲೂ ಹಾಗೇ. ಒಂದರ ಖಜಾನೆಯಿಂದ ಇನ್ನೊಂದರ ಬಾಕಿ ತೀರಿಸಿದ ಹಾಗಾಗುತ್ತದೆ. ಐಜಿಎಸ್‌ಟಿಯ ಡಬ್ಬಿ ಮಾತ್ರ ಎರಡೂ ಕಡೆಗೆ ಹರಿಯುತ್ತದೆ, ಯಾಕೆಂದರೆ ಅದನ್ನು ಎಸ್‌ಜಿಎಸ್‌ಟಿಗೆ ಬಳಸಿದಾಗ ಆ ಮೊತ್ತವನ್ನು ಕೇಂದ್ರ ರಾಜ್ಯಕ್ಕೆ ವರ್ಗಾಯಿಸಿಕೊಡುತ್ತದೆ.

ಅದಕ್ಕೊಂದು ಕ್ರಮವಿದೆ. 2019ರ ಫೆಬ್ರವರಿ 1ರಿಂದ ಬಂದ 49ಎ ಕಲಮಿನ ಪ್ರಕಾರ ಐಜಿಎಸ್‌ಟಿ ಕ್ರೆಡಿಟ್ ಪೂರ್ತಿ ಖಾಲಿಯಾದ ಮೇಲೆಯೇ ಉಳಿದೆರಡಕ್ಕೆ ಕೈಹಾಕಬೇಕು. ಅದೇ ವರ್ಷ ಮಾರ್ಚ್ 29ರಂದು ಸೇರಿದ 88ಎ ನಿಯಮ, ಐಜಿಎಸ್‌ಟಿ ಬಾಕಿ ತೀರಿಸಿ ಮಿಕ್ಕಿದ್ದನ್ನು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿಗೆ ಯಾವ ಪ್ರಮಾಣದಲ್ಲಾದರೂ ಹಂಚಬಹುದು ಅನ್ನುತ್ತದೆ. ಯಾವ ಪ್ರಮಾಣದಲ್ಲಾದರೂ ಎಂಬ ಈ ಸ್ವಾತಂತ್ರ್ಯದಲ್ಲೇ 18,000 ಸಿಕ್ಕಿಬೀಳುವುದು.

ನಮ್ಮ ಲೆಕ್ಕ ಹಿಡಿಯೋಣ. ಐಜಿಎಸ್‌ಟಿ ಕ್ರೆಡಿಟ್ 1,26,000ದಲ್ಲಿ ಗೂಡಲೂರಿನ ಮಾಲಿನ 36,000 ತೀರಿದರೆ ಮಿಕ್ಕುವುದು 90,000. ಸಾಲಿನಲ್ಲಿ ಮೊದಲು ಕಾಣುವುದು ಸಿಜಿಎಸ್‌ಟಿ ಅಂತ ಅಷ್ಟನ್ನೂ ಅಲ್ಲಿಗೇ ಸುರಿದರೆ, 1,08,000ದಲ್ಲಿ ಉಳಿಯುವುದು 18,000. ಅದಕ್ಕೆ ಸಿಜಿಎಸ್‌ಟಿ ಕ್ರೆಡಿಟ್ 36,000ದಿಂದ 18,000 ಹೋಯಿತು, ಇನ್ನು 18,000 ಡಬ್ಬಿಯಲ್ಲೇ ಕೂತಿತು. ಆ ಕಡೆ ಎಸ್‌ಜಿಎಸ್‌ಟಿ 1,08,000ಕ್ಕೆ ಇರುವುದು ಅದರದೇ 36,000 ಕ್ರೆಡಿಟ್. ಕೈಯಿಂದ 72,000.

ಅದರ ಬದಲು 90,000ವನ್ನು 45,000, 45,000 ಎಂದು ಹಂಚಿ. ಎರಡೂ ಕಡೆ ಉಳಿಯುವುದು 63,000. ಎರಡಕ್ಕೂ ತಮ್ಮ ತಮ್ಮ 36,000 ಕ್ರೆಡಿಟ್ ಹಾಕಿದರೆ ಕಟ್ಟಬೇಕಾದದ್ದು 27,000, 27,000. ಒಟ್ಟು 54,000, ಕ್ರೆಡಿಟ್ ಒಂದು ರೂಪಾಯಿಯೂ ಮಿಕ್ಕಿಲ್ಲ.

ಸಮನಾಗಿ ಹಂಚುವುದೇ ನಿಯಮ ಅಂದುಕೊಳ್ಳಬೇಡಿ. ನೋಡಬೇಕಾದದ್ದು ಒಂದೇ: ಯಾವ ಕಡೆಯ ಬಾಕಿಯಿಂದ ಆ ಕಡೆಯದೇ ಕ್ರೆಡಿಟ್ ಕಳೆದು ಎಷ್ಟು ಜಾಗ ಮಿಕ್ಕಿದೆಯೋ, ಅದಕ್ಕಿಂತ ಹೆಚ್ಚು ಐಜಿಎಸ್‌ಟಿ ಆ ಕಡೆಗೆ ಹೋಗಬಾರದು. ಇಲ್ಲಿ 1,08,000ದಲ್ಲಿ 36,000 ಕಳೆದರೆ ಜಾಗ 72,000. ಹಾಗಾಗಿ ಸಿಜಿಎಸ್‌ಟಿಗೆ 72,000, ಎಸ್‌ಜಿಎಸ್‌ಟಿಗೆ 18,000 ಕೊಟ್ಟರೂ ಕೈಯಿಂದ ಹೋಗುವುದು ಅದೇ 54,000. ಆ 72,000 ದಾಟಿದ ಒಂದೊಂದು ರೂಪಾಯಿಗೂ ಒಂದೊಂದು ರೂಪಾಯಿ ನಗದು ಜಾಸ್ತಿ ಹೋಗುತ್ತದೆ.

ಪೋರ್ಟಲ್ ತಾನೇ ತ್ರೀ-ಬಿಯ 6.1ನೇ ಪಟ್ಟಿಯಲ್ಲಿ ಒಂದು ಹಂಚಿಕೆ ತುಂಬಿಕೊಡುತ್ತದೆ, ಅದನ್ನು ನಾವು ತಿದ್ದಬಹುದು. ತಿದ್ದುವವರಿಗೆ ಗುರುತು ಸುಲಭ: ಒಂದು ಕಡೆ ನಗದು ಕಟ್ಟುತ್ತಿದ್ದೀರಿ, ಇನ್ನೊಂದು ಕಡೆ ಕ್ರೆಡಿಟ್ ಮಿಕ್ಕುತ್ತಿದೆ, ಐಜಿಎಸ್‌ಟಿ ಕ್ರೆಡಿಟ್ ಬೇರೆ ಆ ಮಿಕ್ಕುವ ಕಡೆಗೇ ಹೋಗಿದೆ ಎಂದಾದರೆ ಅಲ್ಲೇ ನಿಲ್ಲಿ. ಹಾಗೆ ಸಿಕ್ಕಿಬಿದ್ದ 18,000 ಸತ್ತೇಹೋಗುವುದಿಲ್ಲ, ಮುಂದಿನ ತಿಂಗಳ ಸಿಜಿಎಸ್‌ಟಿಗೆ ಬರುತ್ತದೆ. ಆದರೆ ಓವರ್‌ಡ್ರಾಫ್ಟ್ ಅಥವಾ ಸಾಲದ ಮೇಲೆ ವ್ಯಾಪಾರ ನಡೆಸುವವರಿಗೆ ಒಂದು ತಿಂಗಳ ಬಡ್ಡಿ ಸುಮ್ಮನೆ ಹೋಯಿತು. ಪ್ರತಿ ತಿಂಗಳೂ ಅದೇ ತಪ್ಪು ಮಾಡಿದರೆ ಡಬ್ಬಿ ಬೆಳೆಯುತ್ತಲೇ ಇರುತ್ತದೆ. ತ್ರೀ-ಬಿಯನ್ನು ಫೈಲ್ ಮಾಡಿದ ಮೇಲೆ ತಿದ್ದಲು ಆಗುವುದಿಲ್ಲ.

ಇನ್ನೊಂದು ಸಣ್ಣ ಮೊತ್ತ ದೊಡ್ಡ ಕಿರಿಕಿರಿ ಮಾಡುತ್ತದೆ. ಬೆಂಗಳೂರಿನಿಂದ ಮಾಲು ತಂದ ಲಾರಿ ಆಫೀಸಿಗೆ 20,000 ಬಾಡಿಗೆ ಕೊಟ್ಟಿದ್ದೀರಿ, ಅವರು ಬಿಲ್ಲಿನಲ್ಲಿ ತೆರಿಗೆ ಹಾಕಿಲ್ಲ. ಅಂದರೆ ರಿವರ್ಸ್ ಚಾರ್ಜ್‌ನಲ್ಲಿ ಶೇ. 5, ಒಂದು ಸಾವಿರ ರೂಪಾಯಿ, ಸಿಜಿಎಸ್‌ಟಿ 500, ಎಸ್‌ಜಿಎಸ್‌ಟಿ 500, ನೀವೇ ಕಟ್ಟಬೇಕು. ಇದನ್ನು ಕ್ರೆಡಿಟ್ಟಿನಿಂದ ತೀರಿಸುವ ಹಾಗಿಲ್ಲ, ನಗದೇ ಆಗಬೇಕು. ಲೆಡ್ಜರಿನಲ್ಲಿ ಲಕ್ಷಗಟ್ಟಲೆ ಕ್ರೆಡಿಟ್ ಇದ್ದೂ 20ನೇ ತಾರೀಖು ರಾತ್ರಿ ರಿಟರ್ನ್ ಮುಂದಕ್ಕೆ ಹೋಗದೆ ನಿಂತಿತೆಂದರೆ ಹೆಚ್ಚಾಗಿ ಕಾರಣ ಇದೇ. ಒಳ್ಳೆಯದೇನೆಂದರೆ, 3.1(ಡಿ)ಯಲ್ಲಿ ತೋರಿಸಿದ ಅದೇ ಸಾವಿರವನ್ನು ಅದೇ ತಿಂಗಳು 4(ಎ)(3)ರಲ್ಲಿ ಕ್ರೆಡಿಟ್ ಆಗಿ ಪಡೆದು ಉಳಿದ ಬಾಕಿಗೆ ಹಾಕಬಹುದು. ನಮ್ಮ ಅಂಗಡಿಯಲ್ಲಿ ಪ್ರತಿ ಕಡೆ ಸಾಮಾನ್ಯ ತೆರಿಗೆ 26,500ಕ್ಕೆ ಇಳಿದು, ರಿವರ್ಸ್ ಚಾರ್ಜ್ 500 ಸೇರಿ ಮತ್ತೆ 27,000ಕ್ಕೇ ಬಂತು. ಕ್ರೆಡಿಟ್ ಸಾಲು ತುಂಬಲು ಮರೆತವರಿಗೆ ಮಾತ್ರ ಸಾವಿರ ಹೆಚ್ಚು.

ಈಗ ಕಟ್ಟುವುದು. 6.1ರಲ್ಲಿ ನಗದಿನ ಅಂಕಣ ನೋಡಿ ಅಲ್ಲಿಂದಲೇ CREATE CHALLAN ಒತ್ತಿದರೆ ಮೊತ್ತ ಸರಿಯಾದ ಹೆಡ್ಡಿಗೆ ತಾನೇ ಬೀಳುತ್ತದೆ. ಬೇರೆಯಾಗಿ ಚಲನ್ ಮಾಡುವವರು 54,000ವನ್ನೂ ಸಿಜಿಎಸ್‌ಟಿಗೇ ಹಾಕಿಬಿಡುತ್ತಾರೆ, ಇಲ್ಲವೇ ತೆರಿಗೆಯ ಬದಲು ಬಡ್ಡಿಯ ಅಂಕಣದಲ್ಲಿ ಹಾಕುತ್ತಾರೆ. ಗಾಬರಿ ಬೇಡ. ಕ್ಯಾಶ್ ಲೆಡ್ಜರಿನ ದುಡ್ಡನ್ನು ಪಿಎಂಟಿ-09 ನಮೂನೆಯಲ್ಲಿ ಒಂದು ಹೆಡ್ಡಿನಿಂದ ಇನ್ನೊಂದಕ್ಕೆ ಸರಿಸಬಹುದು. ಕ್ರೆಡಿಟ್ಟಿಗೆ ಈ ಸೌಲಭ್ಯವಿಲ್ಲ, ನಗದಿಗೆ ಇದೆ. ಚಲನ್ 15 ದಿನ ಜೀವಂತವಾಗಿರುತ್ತದೆ. ಬ್ಯಾಂಕ್ ಕೌಂಟರಿನಲ್ಲಿ ಕಟ್ಟುವವರಿಗೆ 10,000ದ ಮಿತಿ ಇದೆ, ಆದ್ದರಿಂದ ನೆಟ್ ಬ್ಯಾಂಕಿಂಗ್ ಅಥವಾ ಎನ್‌ಇಎಫ್‌ಟಿ ನಂಬಿಕೊಳ್ಳಿ.

ಚಲನ್ ಕಟ್ಟಿದ ಮಾತ್ರಕ್ಕೆ ತೆರಿಗೆ ಕಟ್ಟಿದಂತಲ್ಲ, ಇದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ. ದುಡ್ಡು ನಿಮ್ಮ ಹೆಸರಿನ ಕ್ಯಾಶ್ ಲೆಡ್ಜರಿಗೆ ಬಂದಿದೆ ಅಷ್ಟೇ. ತ್ರೀ-ಬಿ ಫೈಲ್ ಮಾಡಿ ಅಲ್ಲಿಂದ ಡೆಬಿಟ್ ಆದಾಗ ಸರ್ಕಾರಕ್ಕೆ ಹೋಗುತ್ತದೆ. ಬಡ್ಡಿ ನಗದಿನಲ್ಲಿ ಕಟ್ಟುವ ಭಾಗಕ್ಕೆ ಮಾತ್ರ, ವರ್ಷಕ್ಕೆ ಶೇ. 18. ಜುಲೈ 20ರ ಬದಲು 30ಕ್ಕೆ ಫೈಲ್ ಮಾಡಿದರೆ 54,000ಕ್ಕೆ ಹತ್ತು ದಿನದ ಬಡ್ಡಿ ಸುಮಾರು 266 ರೂಪಾಯಿ. ದಿನಕ್ಕೆ 50ರಂತೆ ಲೇಟ್ ಫೀ 500 ಬೇರೆ. 20ರೊಳಗೇ ಲೆಡ್ಜರಿನಲ್ಲಿ ಹಣ ಹಾಕಿಟ್ಟು ರಿಟರ್ನ್ ಮಾತ್ರ ತಡವಾದರೆ, 2024ರ ಜುಲೈ ತಿದ್ದುಪಡಿಯಿಂದ ಈಚೆಗೆ ಆ ಹಣದ ಮೇಲೆ ಬಡ್ಡಿ ಬೀಳುವುದಿಲ್ಲ. ಲೇಟ್ ಫೀ ಮಾತ್ರ ತಪ್ಪುವುದಿಲ್ಲ. ಹಾಗಾಗಿ ಲೆಕ್ಕ ಇನ್ನೂ ತಾಳೆಯಾಗಿಲ್ಲ ಅನ್ನಿಸಿದರೂ 19ನೇ ತಾರೀಖು ಅಂದಾಜಿನ ಮೊತ್ತಕ್ಕೆ ಚಲನ್ ಕಟ್ಟಿಬಿಡಿ. ಹೆಚ್ಚಾದದ್ದು ಲೆಡ್ಜರಿನಲ್ಲೇ ಇದ್ದು ಮುಂದಿನ ತಿಂಗಳಿಗೆ ಬರುತ್ತದೆ.

ಪ್ರಶ್ನೆಗಳಿದ್ದರೆ ಕೇಳಿ. ನಿಮ್ಮ ಕಳೆದ ತಿಂಗಳ ತ್ರೀ-ಬಿ ಪ್ರತಿ ತಂದಿದ್ದರೆ 6.1ನೇ ಪಟ್ಟಿ ತೆರೆದಿಟ್ಟುಕೊಳ್ಳಿ, ಅಲ್ಲಿಂದಲೇ ನೋಡೋಣ.