ನೀರು ಸುರಿಯುವ ಕಣ್ಣೂ ಒಣಕಣ್ಣೇ

ನಮಸ್ಕಾರ. ತಮ್ಮ ಕಣ್ಣು ಒಣಗಿದೆ ಎಂದು ಹೇಳಿದರೆ ಕೊಡಗಿನಲ್ಲಿ ಅನೇಕರು ನಂಬುವುದಿಲ್ಲ. ತಿಂಗಳುಗಟ್ಟಲೆ ಮಳೆ ಸುರಿಯುವ ಊರು ನಮ್ಮದು. ಅದಕ್ಕಿಂತ ಹೆಚ್ಚಾಗಿ, ಅವರು ಹೇಳಿಕೊಳ್ಳಲು ಬಂದಿರುವ ತೊಂದರೆಯೇ ಕಣ್ಣಲ್ಲಿ ನೀರು ಸುರಿಯುವುದು. ಕಣ್ಣಿನ ತಪಾಸಣೆಯ ಕೆಲಸದಲ್ಲಿರುವ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ರೆಪ್ಪೆಯ ಅಂಚಿನಲ್ಲಿರುವ ಎಣ್ಣೆ ಗ್ರಂಥಿಗಳನ್ನು ಪರೀಕ್ಷಿಸದೆ ಕೃತಕ ಕಣ್ಣೀರಿನ ಬಾಟಲಿ ಕೊಡುವುದೂ ತಪ್ಪು, ಕೊಳ್ಳುವುದೂ ತಪ್ಪು.

ಸಿದ್ದಾಪುರದ ಕಡೆಯ ಕಾಫಿ ತೋಟವೊಂದರ ಕಚೇರಿಯಲ್ಲಿ ಲೆಕ್ಕ ನೋಡಿಕೊಳ್ಳುವ, ಐವತ್ತರ ಆಸುಪಾಸಿನ ಒಬ್ಬರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕೊಯ್ಲಿನ ಕಾಲದಲ್ಲಿ ಕೂಲಿಯ ಲೆಕ್ಕಕ್ಕಾಗಿ ಅವರು ದಿನವಿಡೀ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಬೆಳಿಗ್ಗೆ ಕಣ್ಣು ಉರಿಯುತ್ತದೆ, ಸಂಜೆ ನೀರು ಸುರಿಯುತ್ತದೆ, ಅಕ್ಷರ ಮಸುಕಾಗಿ ರೆಪ್ಪೆ ಬಡಿದ ಕೂಡಲೇ ಸ್ಪಷ್ಟವಾಗುತ್ತದೆ. ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಬಿಟ್ಟಾಗ ಅದು 16 ಮಿಲಿಮೀಟರ್ ಒದ್ದೆಯಾಯಿತು. 10ಕ್ಕಿಂತ ಹೆಚ್ಚಿದ್ದರೆ ನೀರು ಸಾಕಷ್ಟಿದೆ ಎಂದೇ ಅರ್ಥ. ಆದರೆ ಬಣ್ಣದ ದ್ರವ ಹಾಕಿ ನೀಲಿ ಬೆಳಕಿನಲ್ಲಿ ನೋಡಿದಾಗ, ರೆಪ್ಪೆ ತೆರೆದ 4 ಸೆಕೆಂಡಿಗೇ ಕಣ್ಣೀರಿನ ಪದರ ಒಡೆಯಿತು. ಅದು ಕನಿಷ್ಠ 10 ಸೆಕೆಂಡಾದರೂ ನಿಲ್ಲಬೇಕು.

"ನೀರು ಬರುವ ಕಣ್ಣಿಗೆ ಮತ್ತೆ ನೀರಿನಂಥ ಹನಿ ಯಾಕೆ?" ಎಂದು ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು.

"ನಿಮಗೆ ಕೊರತೆಯಿರುವುದು ನೀರಿನದಲ್ಲ ಅಕ್ಕ, ಎಣ್ಣೆಯದು" ಎಂಬುದೇ ಅದಕ್ಕೆ ಉತ್ತರ.

ಮೇಲಿನ ಮತ್ತು ಕೆಳಗಿನ ರೆಪ್ಪೆಗಳೊಳಗೆ ಸಾಲಾಗಿ ಮೈಬೋಮಿಯನ್ ಗ್ರಂಥಿಗಳಿವೆ. ಪ್ರತಿ ಸಲ ರೆಪ್ಪೆ ಪೂರ್ತಿ ಮುಚ್ಚಿದಾಗ ಅವುಗಳಿಂದ ಒಂದಿಷ್ಟು ಎಣ್ಣೆ ಹೊರಬಂದು, ಕಣ್ಣೀರಿನ ಮೇಲೆ ಹರಡಿ, ಅದು ಬೇಗ ಆವಿಯಾಗದಂತೆ ತಡೆಯುತ್ತದೆ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದೂ ಕಡಿಮೆ, ಬಡಿದರೂ ಅರ್ಧಕ್ಕೇ ನಿಲ್ಲಿಸುತ್ತೇವೆ. ಎಣ್ಣೆ ಒಳಗೇ ಉಳಿದು ಗಟ್ಟಿಯಾಗುತ್ತದೆ. ವಯಸ್ಸು, ಮುಟ್ಟು ನಿಲ್ಲುವ ಕಾಲದ ಹಾರ್ಮೋನು ಬದಲಾವಣೆ, ರೆಪ್ಪೆಯಂಚಿನ ಉರಿಯೂತ ಇದನ್ನು ಹೆಚ್ಚಿಸುತ್ತವೆ. ಎಣ್ಣೆಯಿಲ್ಲದ ಕಣ್ಣೀರು ಬೇಗ ಆರಿ, ಉರಿ ಹುಟ್ಟಿ, ಆ ಉರಿಗೆ ಪ್ರತಿಯಾಗಿ ಕಣ್ಣು ಒಮ್ಮೆಲೇ ನೀರು ಸುರಿಸುತ್ತದೆ. ಬಚ್ಚಲೊಲೆಯ ಹೊಗೆ ಈ ಉರಿಯನ್ನು ಕೆರಳಿಸುತ್ತದೆ ನಿಜ, ಆದರೆ ಎಲ್ಲ ತಪ್ಪನ್ನೂ ಹೊಗೆಯ ಮೇಲೆ ಹೊರಿಸಿದರೆ ಮೂಲ ಕಾರಣ ಕಾಣದೇ ಹೋಗುತ್ತದೆ. ಅವರ ರೆಪ್ಪೆಯ ಅಂಚನ್ನು ಮೆಲ್ಲಗೆ ಒತ್ತಿದಾಗ ತಿಳಿ ಎಣ್ಣೆಯ ಬದಲು ಗಟ್ಟಿಯಾದ ಬಿಳಿ ಎಳೆ ಹೊರಬಂದಿತು.

ಮಡಿಕೇರಿಯ ಚಳಿಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದಾಗ ಬಾಟಲಿಯನ್ನು ಬಿಸಿನೀರಿನಲ್ಲಿಡುತ್ತೇವಲ್ಲ, ಇಲ್ಲಿಯೂ ಮೊದಲ ಚಿಕಿತ್ಸೆ ಅದೇ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಬಟ್ಟೆಯನ್ನು, ಮಣಿಕಟ್ಟಿನ ಮೇಲೆ ಬಿಸಿ ನೋಡಿಕೊಂಡು, ಮುಚ್ಚಿದ ಕಣ್ಣಿನ ಮೇಲಿಡಬೇಕು. ರೆಪ್ಪೆಗೆ ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಬೇಕು. ಹೆಚ್ಚಿನವರು ಸೋಲುವುದು ಇಲ್ಲಿಯೇ: ಬಟ್ಟೆ ಒಂದೆರಡು ನಿಮಿಷದಲ್ಲಿ ತಣ್ಣಗಾಗುತ್ತದೆ, ಅವರು ಅದನ್ನೇ ಇಟ್ಟುಕೊಂಡು ಕೂರುತ್ತಾರೆ. ಬಟ್ಟೆಯನ್ನು ಮತ್ತೆ ಮತ್ತೆ ಬಿಸಿ ಮಾಡುತ್ತಾ 8ರಿಂದ 10 ನಿಮಿಷ ಇಟ್ಟು, ಆಮೇಲೆ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ ಬೆರಳಿನಿಂದ ಹಗುರವಾಗಿ ನೀವಬೇಕು, ಕಣ್ಣುಗುಡ್ಡೆಯನ್ನು ಒತ್ತಬಾರದು. ಇದು ವಾರಗಟ್ಟಲೆ ನಡೆಯಬೇಕಾದ ಕೆಲಸ. ಬಹುಕಾಲ ಕಟ್ಟಿಕೊಂಡ ಗ್ರಂಥಿ ಸವೆದುಹೋದರೆ ಅದನ್ನು ಮತ್ತೆ ಮೊದಲಿನಂತೆ ಮಾಡುವುದು ಕಷ್ಟ.

ಇನ್ನು ಹನಿಗಳು. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಇರುವ ಸಾಮಾನ್ಯ ಹನಿ ನೀರಿಗೆ ಸ್ವಲ್ಪ ಮಂದತನ ಕೊಡುತ್ತದೆ. ಸೋಡಿಯಂ ಹೈಲುರೊನೇಟ್ ನೀರನ್ನು ಹಿಡಿದಿಡುತ್ತದೆ. ಇವು ನೀರೇ ಕಡಿಮೆಯಿರುವ ಕಣ್ಣಿಗೆ ಹೆಚ್ಚು ಹೊಂದುತ್ತವೆ. ಬಾಯಿಯೂ ಒಣಗಿ ಕೀಲುನೋವೂ ಇದ್ದರೆ ಅಂಥ ಕೊರತೆಗೆ ಷೋಗ್ರೆನ್ ಕಾಯಿಲೆ ಕಾರಣವೇ ಎಂದು ವೈದ್ಯರು ಪರೀಕ್ಷಿಸಬೇಕು. ನಮ್ಮ ಅಕ್ಕನಂಥವರಿಗೆ ಖನಿಜ ತೈಲ ಅಥವಾ ಹರಳೆಣ್ಣೆಯನ್ನು ಸೂಕ್ಷ್ಮ ಕಣಗಳಾಗಿ ಬೆರೆಸಿದ ಹನಿ ಹೆಚ್ಚು ಸೂಕ್ತ. ಜೆಲ್ ಬಹಳ ಹೊತ್ತು ನಿಲ್ಲುತ್ತದೆ, ಆದರೆ ದೃಷ್ಟಿ ಮಸುಕಾಗುವುದರಿಂದ ಅದು ಮಲಗುವ ಹೊತ್ತಿಗೇ ಸರಿ.

ಲೇಬಲ್ಲಿನಲ್ಲಿ ಇನ್ನೊಂದು ಹೆಸರು ನೋಡಲೇಬೇಕು: ಬೆಂಜಾಲ್ಕೋನಿಯಂ ಕ್ಲೋರೈಡ್. ಬಾಟಲಿ ಕೆಡದಂತೆ ಹಾಕುವ ಈ ಸಂರಕ್ಷಕ, ಪದೇ ಪದೇ ಬಿದ್ದರೆ ಕಣ್ಣಿನ ಮೇಲ್ಮೈಗೇ ಹಾನಿ ಮಾಡುತ್ತದೆ. ದಿನಕ್ಕೆ 4ಕ್ಕಿಂತ ಹೆಚ್ಚು ಸಲ ಹನಿ ಬೇಕಾಗುವವರು ಸಂರಕ್ಷಕವಿಲ್ಲದ್ದನ್ನೇ ಕೇಳಿ ಪಡೆಯಬೇಕು, ಬೆಲೆ ಹೆಚ್ಚಾದರೂ ಸರಿ. ಕೆಂಪು ಇಳಿಸುವ ನ್ಯಾಫಜೋಲಿನ್ ಹನಿ ಕೃತಕ ಕಣ್ಣೀರಲ್ಲ. ಸ್ಟಿರಾಯ್ಡ್ ಹನಿಯನ್ನಂತೂ ಚೀಟಿಯಿಲ್ಲದೆ ಮುಟ್ಟಬೇಡಿ; ಅದು ಕಣ್ಣಿನ ಒತ್ತಡ ಏರಿಸಬಲ್ಲದು. ತೀವ್ರ ನೋವು, ಬೆಳಕು ಸಹಿಸಲಾಗದಿರುವುದು, ರೆಪ್ಪೆ ಬಡಿದರೂ ಹೋಗದ ಮಸುಕು ಇದ್ದರೆ ಶಾಖ, ಹನಿ ಎಂದು ಕಾಯದೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ.