12 ಜನರ ಮಾತು, ಒಂದು ಪುಟ

ನಮಸ್ಕಾರ. ನನಗೆ ಒಂದು ವಾಕ್ಯದ ಮೇಲೆ ಬಹಳ ವರ್ಷದಿಂದ ಸಿಟ್ಟಿದೆ. ಇವತ್ತು ಅದನ್ನು ಹೇಳಿಬಿಡುತ್ತೇನೆ. ವಾಕ್ಯ ಹೀಗಿರುತ್ತದೆ: "ವೇಗ ಮತ್ತು ಎಲ್ಲರನ್ನೂ ಜೊತೆಗೆ ಕರೆದೊಯ್ಯುವುದರ ನಡುವೆ ಸಮತೋಲನ ಸಾಧಿಸಿದರೆ ಇನ್ನೂ ಒಳ್ಳೆಯ ಲೀಡರ್ ಆಗಬಹುದು."

ದೊಡ್ಡ ಹುದ್ದೆಯಲ್ಲಿರುವವರಿಗೆ ಮಾಡುವ 360 ಡಿಗ್ರಿ ಫೀಡ್‌ಬ್ಯಾಕ್ ವರದಿ ಓದಿದ್ದರೆ ಈ ವಾಕ್ಯವನ್ನು ನೀವೂ ನೋಡಿರುತ್ತೀರಿ. ಓದಿಲ್ಲದವರಿಗೆ ಎರಡೇ ಮಾತು. ಒಬ್ಬ ಸೀನಿಯರ್ ಬಗ್ಗೆ ಅವರ ಬಾಸ್, ಸಮಾನ ಹುದ್ದೆಯವರು, ಕೈಕೆಳಗೆ ಕೆಲಸ ಮಾಡುವವರು, ಎಲ್ಲರ ಹತ್ತಿರವೂ ಅಭಿಪ್ರಾಯ ಕೇಳುತ್ತಾರೆ. ಹೆಸರು ಗುಟ್ಟಾಗಿರುತ್ತದೆ. ಬಂದ ಕಾಮೆಂಟುಗಳನ್ನೆಲ್ಲ ಯಾರೋ ಒಬ್ಬರು ಕೂತು ಒಂದೆರಡು ಪುಟಕ್ಕೆ ಇಳಿಸುತ್ತಾರೆ. ಆ "ಯಾರೋ ಒಬ್ಬರು" ನಾನು. ಇದು ನನ್ನ ಹೊಟ್ಟೆಪಾಡು.

ಸಮತೋಲನದ ವಾಕ್ಯ ಹುಟ್ಟುವುದು ಹೇಗೆ ಗೊತ್ತಾ? ನಾಲ್ಕು ಜನ "ಬೇಗ ತೀರ್ಮಾನ ಮಾಡ್ತಾರೆ, ಭೇಷ್" ಎಂದಿರುತ್ತಾರೆ. ಇನ್ನು ನಾಲ್ಕು ಜನ "ನಮ್ಮ ಮಾತು ಕೇಳೋದೇ ಇಲ್ಲ" ಎಂದಿರುತ್ತಾರೆ. ಬರೆಯುವವನಿಗೆ ಗೊಂದಲ. ಹಾಲಿಗೆ ನೀರು ಬೆರೆಸಿದ ಹಾಗೆ ಎರಡನ್ನೂ ಬೆರೆಸಿ "ಸಮತೋಲನ" ಎಂದುಬಿಡುತ್ತಾನೆ. ಆ ವಾಕ್ಯವನ್ನು ಪಕ್ಕದ ಕ್ಯಾಬಿನ್ನಿನವರ ವರದಿಗೆ ಅಂಟಿಸಿ ನೋಡಿ, ಅಲ್ಲೂ ಸರಿಹೋಗುತ್ತದೆ. ಯಾರಿಗೆ ಬೇಕಾದರೂ ಹೊಂದುವ ಮಾತನ್ನು ಹೇಳೋದಕ್ಕೆ 12 ಜನರ ಸಮಯ ಯಾಕೆ ತಿನ್ನಬೇಕಿತ್ತು?

ಒಂದು ಕೇಸ್ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಾಯಿಸಿದ್ದೇನೆ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿ, ಅಲ್ಲಿನ ಡೆಲಿವರಿ ಹೆಡ್. ಅಭಿಪ್ರಾಯ ಕೊಟ್ಟವರು 12 ಜನ: ಬಾಸ್ ಒಬ್ಬರು, ಸಮಾನ ಹುದ್ದೆಯವರು 4, ಅವರಿಗೆ ರಿಪೋರ್ಟ್ ಮಾಡುವವರು 7. ಒಟ್ಟು 38 ಕಾಮೆಂಟು. ಬರೆದದ್ದು ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

ಮೊದಲ ಕರಡು ಮಾಡಿದ್ದು ನನ್ನ ಜೊತೆಗಿದ್ದ ಒಬ್ಬ ಹುಡುಗಿ. ಚುರುಕು, ಆದರೆ ಹೊಸಬಳು. ಅವಳು ಕಾಮೆಂಟುಗಳನ್ನು ಐದು ಗುಂಪು ಮಾಡಿದ್ದಳು. ಅದರಲ್ಲಿ ದೊಡ್ಡ ಗುಂಪಿನ ಹೆಸರು "ಕಮ್ಯುನಿಕೇಶನ್". ಅದರೊಳಗೆ 11 ಕಾಮೆಂಟು. "ನೋಡಿ ಸರ್, ಇದೇ ಮುಖ್ಯ ಸಮಸ್ಯೆ, ಜಾಸ್ತಿ ಬಂದಿರೋದು ಇದೇ" ಅಂದಳು.

ಕಮ್ಯುನಿಕೇಶನ್ ಅನ್ನೋದು ಮನೆಯ ಅಟ್ಟದ ಹಾಗೆ. ಎಲ್ಲಿ ಇಡಬೇಕು ಅಂತ ಗೊತ್ತಾಗದ್ದೆಲ್ಲ ಅಲ್ಲಿಗೆ ಹೋಗುತ್ತದೆ. ಹಾಗಾಗಿ ಇಬ್ಬರೂ ಕೂತು ಆ 11 ಕಾಮೆಂಟನ್ನು ಹೊರಗೆ ತೆಗೆದೆವು. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿದೆವು: ಇಲ್ಲಿ ಆ ಮನುಷ್ಯ ನಿಜವಾಗಿ ಏನು ಮಾಡುತ್ತಿದ್ದಾರೆ? ಗುಣ ಬೇಡ, ಕಣ್ಣಿಗೆ ಕಾಣುವ ಕೆಲಸ ಹೇಳು.

ಆಗ 11 ಕಾಮೆಂಟು ಮೂರು ಪಾಲಾಯಿತು. ನಾಲ್ಕು, ಮೀಟಿಂಗಿನಲ್ಲಿ ಬೇರೆಯವರ ಮಾತು ತುಂಡು ಮಾಡುವುದು. "ನಾವು ಬಾಯಿ ಬಿಡೋಷ್ಟರಲ್ಲಿ ತೀರ್ಮಾನ ಆಗಿರುತ್ತೆ" ಎಂದು ಒಬ್ಬರು ಬರೆದಿದ್ದರು. ಇನ್ನು ನಾಲ್ಕು, ಆದ ತೀರ್ಮಾನ ಆಮೇಲೆ ಬದಲಾಗುವುದು, ಅದು ಉಳಿದವರಿಗೆ ಗೊತ್ತಾಗದೇ ಇರುವುದು. ಕೊನೆಯ ಮೂರು, ರಾತ್ರಿ 11ರ ಮೇಲೆ ಮೆಸೇಜ್ ಕಳಿಸುವುದು. ಇವು ಮೂರೂ ಬೇರೆ ಬೇರೆ ವಿಷಯ. ಒಂದು ಸರಿಯಾದರೆ ಇನ್ನೊಂದು ಸರಿಯಾಗೋದಿಲ್ಲ.

ಇಲ್ಲಿ ತಲೆ ಎಣಿಸುವ ಮಾತು ಬರುತ್ತದೆ. ಫಾರಂನಲ್ಲಿ ಸಾಮಾನ್ಯವಾಗಿ ಮೂರು ಖಾಲಿ ಜಾಗ ಇರುತ್ತದೆ: ಇವರು ಏನು ಶುರು ಮಾಡಬೇಕು, ಏನು ನಿಲ್ಲಿಸಬೇಕು, ಏನು ಮುಂದುವರಿಸಬೇಕು. ಮನಸ್ಸಿಗೆ ನೋವಾಗಿರುವವರು ಮೂರರಲ್ಲೂ ಒಂದೇ ಮಾತು ಬರೆಯುತ್ತಾರೆ. ಆದರೆ ನಮ್ಮ ಕೈಗೆ ಬರುವ ಎಕ್ಸೆಲ್ ಶೀಟಿನಲ್ಲಿ ಕಾಮೆಂಟುಗಳು ಪ್ರಶ್ನೆಯ ಪ್ರಕಾರ ಕಲಸಿ ಬಂದಿರುತ್ತವೆ. ಒಬ್ಬರು ಮೂರು ಸಲ ಹೇಳಿದ್ದೋ, ಮೂವರು ಒಂದೊಂದು ಸಲ ಹೇಳಿದ್ದೋ ಗೊತ್ತಾಗೋದಿಲ್ಲ. ಅದಕ್ಕೇ ನಾನು ಸರ್ವೆ ನಡೆಸುವವರ ಹತ್ತಿರ ಮೊದಲೇ ಕೇಳಿಕೊಳ್ಳುತ್ತೇನೆ: ಹೆಸರು ಬೇಡ, ಪ್ರತಿ ಕಾಮೆಂಟಿನ ಪಕ್ಕ ಅದನ್ನು ಬರೆದವರ ಕೋಡ್ ಕೊಡಿ, ಆ3, ಇ5 ಅನ್ನೋ ಹಾಗೆ. ಅದು ವರದಿ ಬರೆಯುವವರ ಕಣ್ಣಿಗೆ ಮಾತ್ರ. ಕೋಡ್ ಕೊಡದಿದ್ದರೆ ವರದಿಯಲ್ಲಿ "ಬಹಳ ಜನ" ಅನ್ನುವ ಪದ ಬಳಸುವ ಹಕ್ಕು ನನಗಿಲ್ಲ.

ಈ ಕೇಸಿನಲ್ಲಿ ಕೋಡ್ ಇತ್ತು. ರಾತ್ರಿ ಮೆಸೇಜಿನ ಮೂರೂ ಕಾಮೆಂಟು ಒಬ್ಬರದೇ. ಹುಡುಗಿಯ ಕರಡಿನಲ್ಲಿ ಅದಕ್ಕೊಂದು ಇಡೀ ಪ್ಯಾರಾ ಇತ್ತು. ತೆಗೆದೆವು. "ಅನ್ಯಾಯ ಅಲ್ವಾ ಸರ್, ಅವರಿಗೆ ಅದು ನಿಜವಾದ ತೊಂದರೆ" ಅಂದಳು. ಒಪ್ಪುತ್ತೇನೆ. ಆದರೆ ಒಬ್ಬರ ಅಭಿಪ್ರಾಯದಲ್ಲಿ ನೋಡುವವರ ಛಾಯೆಯೇ ಬಹಳ ಇರುತ್ತದೆ. 2000ದಲ್ಲಿ ಸ್ಕಲನ್, ಮೌಂಟ್ ಮತ್ತು ಗಾಫ್ ಎಂಬ ಸಂಶೋಧಕರು ಮ್ಯಾನೇಜರುಗಳಿಗೆ ಹೀಗೆ ಹಲವರು ಕೊಟ್ಟ ಅಂಕಗಳನ್ನು ಪರೀಕ್ಷಿಸಿದ್ದರು. ಅಂಕಗಳಲ್ಲಿ ಕಂಡ ಏರುಪೇರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಅಂಕ ಕೊಟ್ಟವರ ಸ್ವಂತ ಒಲವಿನದು ಎಂದು ಕಂಡುಬಂತು. ಅದು ಅಂಕದ ಮಾತು, ಕಾಮೆಂಟಿನದಲ್ಲ, ನಿಜ. ಆದರೂ ಮೂರು ಬೇರೆ ತಲೆಗಳಿಂದ ಬಾರದ ವಿಷಯವನ್ನು ನಾನು "ಥೀಮ್" ಅನ್ನೋದಿಲ್ಲ. ಇನ್ನೊಂದು ಕಾರಣವೂ ಇದೆ. ರಾತ್ರಿ ಮೆಸೇಜ್ ಯಾರಿಗೆ ಕಳಿಸಿದ್ದು ಎಂದು ಕಳಿಸಿದವರಿಗೆ ನೆನಪಿರುತ್ತದೆ. ಬರೆದವರು ಸಿಕ್ಕಿಬೀಳುತ್ತಾರೆ.

ಇದಕ್ಕೆ ಒಂದು ಹೊರತು ಇದೆ. ಒಂಟಿ ಕಾಮೆಂಟಿನಲ್ಲಿ ಲೈಂಗಿಕ ಕಿರುಕುಳದ ಸೂಚನೆಯೋ, ಹಣದ ಗೋಲ್‌ಮಾಲಿನ ಮಾತೋ ಇದ್ದರೆ ಅದು ಥೀಮೂ ಅಲ್ಲ, ಬಿಡುವಂಥದ್ದೂ ಅಲ್ಲ. ಅದು ಈ ವರದಿಯ ಜಾಗವೇ ಅಲ್ಲ. ಅದನ್ನು ಹಾಗೇ ಎತ್ತಿ ಕಂಪನಿಯ ದೂರಿನ ವ್ಯವಸ್ಥೆಗೆ ಒಪ್ಪಿಸಬೇಕು. ಆ ಲೀಡರ್ ಕೈಗಂತೂ ಕೊಡಬಾರದು.

ಸಿಕ್ಕಿಬೀಳುವ ಮಾತು ಬಂತಲ್ಲ, ನನ್ನದೇ ತಪ್ಪೊಂದು ಹೇಳಿಬಿಡುತ್ತೇನೆ. ಶುರುವಿನ ದಿನಗಳಲ್ಲಿ ಒಂದು ವರದಿಯಲ್ಲಿ ಒಬ್ಬರ ವಾಕ್ಯ ಬಹಳ ಚೆನ್ನಾಗಿದೆ ಎಂದು ಹಾಗೇ ಉದ್ಧರಿಸಿದ್ದೆ. ಇಂಗ್ಲಿಷ್ ವಾಕ್ಯದ ಮಧ್ಯೆ "ಸುಮ್ನೆ" ಅನ್ನೋ ಪದ ಇತ್ತು. ಆ ಲೀಡರ್ ಓದಿದರು, ನಕ್ಕರು, ಹೆಸರು ಹೇಳಿದರು. ಸರಿಯಾಗಿತ್ತು. ಇಡೀ ತಂಡದಲ್ಲಿ ಕನ್ನಡ ಬೆರೆಸಿ ಬರೆಯುವವರು ಅವರೊಬ್ಬರೇ ಅಂತೆ. ಆಮೇಲೆ ಆ ಮನುಷ್ಯನಿಗೆ ಏನಾಯಿತು ಎಂದು ನಾನು ಕೇಳಲಿಲ್ಲ. ಕೇಳೋ ಧೈರ್ಯ ಬರಲಿಲ್ಲ. ಅವತ್ತಿನಿಂದ ಯಾರ ವಾಕ್ಯವನ್ನೂ ಹಾಗೇ ಇಡುವುದಿಲ್ಲ. ಕ್ಲೈಂಟಿನ ಹೆಸರು, "ಕಳೆದ ತಿಂಗಳ ರಿವ್ಯೂ", ಒಬ್ಬರಿಗೇ ಅಂಟಿದ ಪದ, ಎಲ್ಲ ತೆಗೆಯುತ್ತೇನೆ. ಬಾಸ್ ಮಾತ್ರ ಒಬ್ಬರೇ ಇರುವುದರಿಂದ ಅವರನ್ನು ಮರೆಮಾಡಲು ಆಗೋದಿಲ್ಲ. ಅದನ್ನು ಅವರು ಬರೆಯುವ ಮೊದಲೇ ಅವರಿಗೆ ಹೇಳಿರಬೇಕು.

ಮತ್ತೆ ನಮ್ಮ ಕೇಸಿಗೆ. ಐದು ಗುಂಪನ್ನೂ ಒಡೆದು ಪೂರ್ತಿ 38 ಕಾಮೆಂಟನ್ನು ಹೊಸದಾಗಿ ಜೋಡಿಸಿದೆವು. "ಕಮ್ಯುನಿಕೇಶನ್"ನಿಂದ ಬಂದದ್ದು, "ಕೇಳುವ ಗುಣ" ಎಂಬ ಗುಂಪಿನಿಂದ ಬಂದದ್ದು ಸೇರಿ, ಮಾತು ಮುಗಿಯುವ ಮೊದಲೇ ತೀರ್ಮಾನ ಆಗುತ್ತದೆ ಎಂದವರು ರಿಪೋರ್ಟ್ ಮಾಡುವ 7 ಜನರಲ್ಲಿ 6. ಅದೇ ವೇಗವನ್ನು ಬಾಸ್ ಹೊಗಳಿದ್ದರು, ಸಮಾನ ಹುದ್ದೆಯವರಲ್ಲಿ ಇಬ್ಬರು ಹೊಗಳಿದ್ದರು. ತೀರ್ಮಾನ ಆಮೇಲೆ ಬದಲಾಗುತ್ತದೆ ಎಂದವರು ಕೆಳಗಿನವರು 4, ಸಮಾನರು 3. ಬಾಸ್ ಈ ಬಗ್ಗೆ ಒಂದಕ್ಷರವೂ ಬರೆದಿರಲಿಲ್ಲ.

ಹುಡುಗಿ ಕರಡಿನಲ್ಲಿ ಸಮತೋಲನದ ವಾಕ್ಯ ಬರೆದಿದ್ದು ಇಲ್ಲಿಯೇ. ಆದರೆ ಇಲ್ಲಿ ಜಗಳವಾಡುವ ಎರಡು ಅಭಿಪ್ರಾಯ ಇಲ್ಲವೇ ಇಲ್ಲ. ಒಂದೇ ಮೀಟಿಂಗನ್ನು ಮೇಲಿನಿಂದ ನೋಡಿದವರಿಗೆ ಚುರುಕು ಕಾಣುತ್ತದೆ. ಒಳಗೆ ಕೂತವರಿಗೆ ಬಾಗಿಲು ಮುಚ್ಚಿದ್ದು ಕಾಣುತ್ತದೆ. ಸರಾಸರಿ ತೆಗೆದರೆ ಎರಡೂ ಹೋಗಿಬಿಡುತ್ತದೆ. ಯಾರು ಎಲ್ಲಿ ನಿಂತು ನೋಡಿದರು ಅನ್ನೋದನ್ನು ಉಳಿಸಿದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಕಡೆಗೆ ನಾವು ಬರೆದ ಪ್ಯಾರಾ ಹೀಗಿತ್ತು:

"ನಿಮ್ಮ ತೀರ್ಮಾನದ ವೇಗವನ್ನು ನಿಮ್ಮ ಬಾಸ್ ಮತ್ತು ಸಮಾನ ಹುದ್ದೆಯವರಲ್ಲಿ ಕೆಲವರು ಮೆಚ್ಚಿದ್ದಾರೆ. ನಿಮಗೆ ರಿಪೋರ್ಟ್ ಮಾಡುವವರಲ್ಲಿ ಹೆಚ್ಚಿನವರು, ತಮ್ಮಲ್ಲಿರುವ ಮಾಹಿತಿ ಹೇಳುವ ಮೊದಲೇ ಮೀಟಿಂಗಿನಲ್ಲಿ ತೀರ್ಮಾನ ಆಗುತ್ತದೆ ಎನ್ನುತ್ತಾರೆ. ಆದ ತೀರ್ಮಾನ ಕೆಲವು ದಿನಗಳಲ್ಲಿ ಬದಲಾಗುತ್ತದೆ, ಬದಲಾದದ್ದು ತಮಗೆ ತಿಳಿಯುವುದಿಲ್ಲ ಎಂದು ಎರಡೂ ಗುಂಪಿನ ಹೆಚ್ಚಿನವರು ಹೇಳಿದ್ದಾರೆ."

ಈ ಎರಡಕ್ಕೂ ಸಂಬಂಧ ಇದೆಯಾ? ನನಗಂತೂ ಇದೆ ಅನಿಸಿತು. ಮೀಟಿಂಗಿನಲ್ಲಿ ಹೇಳಲಾಗದ ಮಾತನ್ನು ಜನ ಆಮೇಲೆ ಕಾಫಿ ಹೊತ್ತಿನಲ್ಲಿ ಒಬ್ಬೊಬ್ಬರಾಗಿ ಹೋಗಿ ಹೇಳುತ್ತಾರೆ, ಆಗ ತೀರ್ಮಾನ ಬದಲಾಗುತ್ತದೆ. ಆದರೆ ಹೀಗೆಂದು 38 ಕಾಮೆಂಟಿನಲ್ಲಿ ಯಾರೂ ಬರೆದಿರಲಿಲ್ಲ. ಅದು ನನ್ನ ಊಹೆ. ಊಹೆಯನ್ನು ಜನರ ಬಾಯಿಗೆ ತುರುಕಬಾರದು. ಹಾಗಾಗಿ ಅದನ್ನು ಪ್ಯಾರಾದಲ್ಲಿ ಸೇರಿಸಲಿಲ್ಲ. ಕೆಳಗೆ ಬೇರೆಯಾಗಿ, ಮಾತಾಡುವಾಗ ಕೇಳಬಹುದಾದ ಪ್ರಶ್ನೆ ಎಂದು ಬರೆದೆ: "ಕಳೆದ ಸಲ ಬದಲಾದ ತೀರ್ಮಾನ ಯಾವ ಮಾಹಿತಿಯಿಂದ ಬದಲಾಯಿತು? ಆ ಮಾಹಿತಿ ಮೊದಲ ಮೀಟಿಂಗಿನ ದಿನ ಯಾರ ಹತ್ತಿರ ಇತ್ತು?"

ಇನ್ನೊಂದು ಥೀಮೂ ಇತ್ತು. ಕ್ಲೈಂಟ್ ಎದುರು ತಂಡವನ್ನು ಬಿಟ್ಟುಕೊಡೋದಿಲ್ಲ ಎಂದು 5 ಜನ ಬರೆದಿದ್ದರು. ಕರಡಿನಲ್ಲಿ ಅದು "ಸಪೋರ್ಟಿವ್" ಎಂಬ ಒಂದೇ ಪದಕ್ಕೆ ಇಳಿದಿತ್ತು. ಬೈಗುಳಕ್ಕೆ ವಿವರ, ಹೊಗಳಿಕೆಗೆ ಒಂದು ಪದ, ಯಾವ ನ್ಯಾಯ? ಅದನ್ನೂ ಅಷ್ಟೇ ಬಿಡಿಸಿ ಬರೆದೆವು.

ಆ ಡೆಲಿವರಿ ಹೆಡ್‌ಗೆ ಅವರ ಕ್ಯಾಬಿನ್ನಿನಲ್ಲಿ ವರದಿ ಕೊಟ್ಟಾಗ ಮೊದಲ ಹತ್ತು ನಿಮಿಷ ಎಲ್ಲರೂ ಮಾಡುವುದನ್ನೇ ಅವರೂ ಮಾಡಿದರು. ಯಾರು ಬರೆದದ್ದು ಎಂದು ಹುಡುಕಿದರು. ಎರಡು ಹೆಸರು ಊಹಿಸಿದರು. ನಾನು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಊಹೂಂ ಅಂದರೂ ಅದು ಸುಳಿವೇ. ಆಮೇಲೆ ಕೆಳಗಿನ ಪ್ರಶ್ನೆಗೆ ಬಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಟೆಸ್ಟಿಂಗ್ ತಂಡದವರ ಹತ್ತಿರ ಇತ್ತು. ಅವರು ಮೀಟಿಂಗಿನಲ್ಲೇ ಇದ್ದರು." ಪೆನ್ನು ತೆಗೆದು ಪುಟದ ಅಂಚಿನಲ್ಲಿ ಏನೋ ಬರೆದುಕೊಂಡರು. ಏನು ಬರೆದರು ಎಂದು ನನಗೆ ಕಾಣಿಸಲಿಲ್ಲ.