ಗುಣಾಕಾರದ ಕ್ರಮವನ್ನು ತಿರುಗಿಸಿದಾಗ

ಕೇಳುಗರಿಗೆಲ್ಲ ನಮಸ್ಕಾರ.

ಈ ಹೊತ್ತು ನಾನು ಮಾತನಾಡಲಿರುವುದು ಕ್ಯೂಆರ್ ಅಲ್ಗಾರಿದಮ್ ಕುರಿತು. ಅಂಗಡಿಯಲ್ಲಿ ಹಣ ಕೊಡುವಾಗ ಮೊಬೈಲ್ ಹಿಡಿಯುವ ಆ ಕಪ್ಪು ಬಿಳುಪು ಚೌಕಕ್ಕೂ ಇದಕ್ಕೂ ನಂಟಿಲ್ಲ. ಇಲ್ಲಿ ಕ್ಯೂ ಮತ್ತು ಆರ್ ಎಂಬುವು ಎರಡು ಮಾತೃಕೆಗಳ ಹೆಸರು. ಹತ್ತಿರದಲ್ಲಿ ಕಾಗದ, ಪೆನ್ನು ಇದ್ದರೆ ತೆಗೆದುಕೊಳ್ಳಿ, ಒಂದು ಸಣ್ಣ ಲೆಕ್ಕವನ್ನು ಜೊತೆಯಾಗಿ ಮಾಡೋಣ.

ಮಾತೃಕೆ ಎಂದರೆ ಸಂಖ್ಯೆಗಳ ಕೋಷ್ಟಕ, ಇಲ್ಲಿ ನಮಗೆ ಬೇಕಿರುವುದು ಚೌಕಾಕಾರದ್ದು. ಮೊದಲ ಸಾಲಿನಲ್ಲಿ 2, 1 ಎಂದು ಬರೆಯಿರಿ. ಅದರ ಕೆಳಗಿನ ಸಾಲಿನಲ್ಲಿ 1, 2 ಎಂದು ಬರೆಯಿರಿ. ಬಾಣ ಎಂದರೆ ಇಲ್ಲಿ ಎರಡು ಸಂಖ್ಯೆಗಳ ಜೋಡಿ. ಕೋಷ್ಟಕದ ಪ್ರತಿ ಸಾಲಿನ ಸಂಖ್ಯೆಗಳನ್ನು ಬಾಣದ ಸಂಖ್ಯೆಗಳೊಂದಿಗೆ ಕ್ರಮವಾಗಿ ಗುಣಿಸಿ ಕೂಡಿಸಿದರೆ ಹೊಸ ಬಾಣ ಸಿಗುತ್ತದೆ. ಒಂದು ಬಾಣವನ್ನು ಹೀಗೆ ಈ ಕೋಷ್ಟಕದಿಂದ ಗುಣಿಸಿದರೆ ಅದು ಸಾಮಾನ್ಯವಾಗಿ ಬೇರೆ ದಿಕ್ಕಿಗೆ ತಿರುಗುತ್ತದೆ. ಆದರೆ ಕೆಲವು ಬಾಣಗಳು ತಮ್ಮ ಗೆರೆಯನ್ನು ಬಿಡುವುದಿಲ್ಲ, ಹಿಗ್ಗುತ್ತವೆ ಅಥವಾ ಕುಗ್ಗುತ್ತವೆ, ಅಷ್ಟೆ. ನಮ್ಮ ಕೋಷ್ಟಕದಲ್ಲಿ (1, 1) ಎಂಬ ಬಾಣ (3, 3) ಆಗುತ್ತದೆ, ಅಂದರೆ ಮೂರು ಪಟ್ಟು. (1, −1) ಎಂಬ ಬಾಣ ಇದ್ದಂತೆಯೇ ಉಳಿಯುತ್ತದೆ, ಅಂದರೆ ಒಂದು ಪಟ್ಟು. ಈ 3 ಮತ್ತು 1 ಐಗನ್ ಮೌಲ್ಯಗಳು, ಅವನ್ನು ಹುಡುಕುವುದೇ ಕ್ಯೂಆರ್ ಅಲ್ಗಾರಿದಮ್‌ನ ಕೆಲಸ.

ಇವನ್ನು ಕಂಡುಹಿಡಿಯಲು ಕಾಲೇಜಿನಲ್ಲಿ ಕಲಿಸುವ ದಾರಿ ಬಹುಪದೋಕ್ತಿಯದು: ನಿರ್ಧಾರಕವನ್ನು ಬಿಡಿಸಿ, ಸಮೀಕರಣ ಬರೆದು, ಅದರ ಮೂಲಗಳನ್ನು ಹುಡುಕುವುದು. ಎರಡು ಸಾಲಿನ ಕೋಷ್ಟಕಕ್ಕೆ ಇದು ಸರಿ, ದೊಡ್ಡದಕ್ಕೆ ಅಪಾಯಕಾರಿ. ಬ್ರಿಟನ್ನಿನ ಗಣಿತಜ್ಞ ಜೇಮ್ಸ್ ವಿಲ್ಕಿನ್ಸನ್ ಇದನ್ನು ಮರೆಯಲಾಗದ ಉದಾಹರಣೆಯಿಂದ ತೋರಿಸಿದರು. 1ರಿಂದ 20ರವರೆಗಿನ ಪೂರ್ಣಾಂಕಗಳೇ ಮೂಲಗಳಾಗಿರುವ ಬಹುಪದೋಕ್ತಿಯಲ್ಲಿ −210 ಎಂಬ ಸಹಗುಣಕವಿದೆ. ಅದನ್ನು ಒಂದರ ಕೋಟಿಯಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು ಅಲುಗಾಡಿಸಿದರೂ ಸಾಕು, ಹತ್ತು ಮೂಲಗಳು ವಾಸ್ತವ ಸಂಖ್ಯೆಗಳಾಗಿಯೇ ಉಳಿಯುವುದಿಲ್ಲ, ಸಂಕೀರ್ಣ ಸಂಖ್ಯೆಗಳಾಗಿಬಿಡುತ್ತವೆ. ಕಂಪ್ಯೂಟರು ಪ್ರತಿ ಹೆಜ್ಜೆಯಲ್ಲೂ ದಶಾಂಶಗಳನ್ನು ಕತ್ತರಿಸುವ ಯಂತ್ರ, ಅಷ್ಟು ಅಲುಗಾಟ ಅದಕ್ಕೆ ನಿತ್ಯದ ಮಾತು. ಹಾಗಾಗಿ ಬಹುಪದೋಕ್ತಿಯ ಹತ್ತಿರ ಹೋಗದೆ ಕೋಷ್ಟಕದ ಮೇಲೆಯೇ ಕೆಲಸ ಮಾಡಬೇಕು.

ಇನ್ನೊಂದು ದಾರಿ ಹೀಗಿದೆ. ಯಾವುದಾದರೂ ಒಂದು ಬಾಣವನ್ನು ಕೋಷ್ಟಕದಿಂದ ಮತ್ತೆ ಮತ್ತೆ ಗುಣಿಸುತ್ತ ಹೋದರೆ, ಅದು ಅತಿ ಹೆಚ್ಚು ಹಿಗ್ಗುವ ದಿಕ್ಕಿಗೆ ವಾಲುತ್ತದೆ. ಇದರಿಂದ ದೊಡ್ಡ ಐಗನ್ ಮೌಲ್ಯ ಸಿಗುತ್ತದೆ. ಎಲ್ಲವೂ ಬೇಕೆಂದು ಹಲವು ಬಾಣಗಳನ್ನು ಒಟ್ಟಿಗೆ ಗುಣಿಸಿದರೆ ಎಲ್ಲವೂ ಒಂದೇ ದಿಕ್ಕಿಗೆ ವಾಲಿಬಿಡುತ್ತವೆ. ಪರಿಹಾರವೆಂದರೆ, ಪ್ರತಿ ಗುಣಾಕಾರದ ನಂತರ ಅವುಗಳನ್ನು ಹಿಡಿದು ಪರಸ್ಪರ ಲಂಬವಾಗಿ ನಿಲ್ಲಿಸುವುದು. ಕ್ಯೂಆರ್ ವಿಭಜನೆ ಮಾಡುವುದು ಇದನ್ನೇ. ಕೋಷ್ಟಕವನ್ನು ಕ್ಯೂ ಮತ್ತು ಆರ್‌ಗಳ ಗುಣಲಬ್ಧವಾಗಿ ಬರೆಯುತ್ತೇವೆ. ಕ್ಯೂ ಎಂದರೆ ಲಂಬವಾಗಿ ನಿಂತ ಬಾಣಗಳು, ಅದು ಉದ್ದವನ್ನು ಬದಲಿಸದೆ ಬರೀ ತಿರುಗಿಸುತ್ತದೆ. ಆರ್ ಎಂದರೆ ಕರ್ಣದ, ಅಂದರೆ ಎಡ ಮೇಲ್ಮೂಲೆಯಿಂದ ಬಲ ಕೆಳಮೂಲೆಗೆ ಇಳಿಯುವ ಓರೆ ಗೆರೆಯ, ಕೆಳಗೆಲ್ಲ ಸೊನ್ನೆಯಿರುವ ಕೋಷ್ಟಕ.

ಈಗ ಬರುತ್ತದೆ ಮುಖ್ಯ ಹೆಜ್ಜೆ. ಒಡೆದ ಎರಡು ತುಂಡುಗಳನ್ನು ಕ್ರಮ ತಿರುಗಿಸಿ ಗುಣಿಸಿ, ಮೊದಲು ಆರ್, ಆಮೇಲೆ ಕ್ಯೂ. ಬರುವ ಕೋಷ್ಟಕ ಬೇರೆಯದಾಗಿ ಕಾಣುತ್ತದೆ, ಆದರೆ ಅದು ಹಳೆಯ ಕೋಷ್ಟಕವನ್ನೇ ತಿರುಗಿದ ಅಕ್ಷಗಳಿಂದ ನೋಡಿದ ರೂಪ. ಆದ್ದರಿಂದ ಐಗನ್ ಮೌಲ್ಯಗಳು ಹಾಗೆಯೇ ಉಳಿಯುತ್ತವೆ. ಬರೀ ತಿರುಗಿಸುವ ಕೆಲಸವಾದ್ದರಿಂದ ಕತ್ತರಿಸಿದ ದಶಾಂಶಗಳ ದೋಷವೂ ಉಬ್ಬುವುದಿಲ್ಲ. ಹೊಸ ಕೋಷ್ಟಕವನ್ನು ಮತ್ತೆ ಒಡೆಯಿರಿ, ಮತ್ತೆ ತಿರುಗಿಸಿ ಗುಣಿಸಿ.

ನಮ್ಮ ಕೋಷ್ಟಕಕ್ಕೆ ಒಮ್ಮೆ ಹೀಗೆ ಮಾಡಿದರೆ ಕರ್ಣದಲ್ಲಿ 2.8 ಮತ್ತು 1.2 ಬರುತ್ತವೆ, ಕರ್ಣದ ಹೊರಗೆ 0.6. ಕರ್ಣದ ಮೊತ್ತ ಮೊದಲೂ 4, ಈಗಲೂ 4. ಕೈಲೆಕ್ಕದಲ್ಲಿ ತಪ್ಪಿದ್ದರೆ ಇಲ್ಲಿಯೇ ಸಿಕ್ಕಿಬೀಳುತ್ತದೆ. ಎರಡನೆಯ ಸಲ ಕರ್ಣದ ಹೊರಗಿನದು 0.22, ಮೂರನೆಯ ಸಲ 0.074. ಅಷ್ಟು ಹೊತ್ತಿಗೆ ಕರ್ಣದಲ್ಲಿ 2.997 ಮತ್ತು 1.003 ಕುಳಿತಿವೆ. ಐಗನ್ ಮೌಲ್ಯಗಳು ತಾವಾಗಿಯೇ ಕರ್ಣಕ್ಕೆ ಬಂದು ಕೂರುವುದನ್ನು ಮೊದಲ ಸಲ ಕಾಗದದ ಮೇಲೆ ಕಂಡಾಗ ನನಗಾದ ಸಂತೋಷ ಇಂದಿಗೂ ಮಾಸಿಲ್ಲ.

ಆದರೆ ಇದು ನಿಧಾನ. ಹೊರಗಿನ ಸಂಖ್ಯೆ ಪ್ರತಿ ಸಲ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತಿದೆ, ಏಕೆಂದರೆ ನಮ್ಮ ಐಗನ್ ಮೌಲ್ಯಗಳ ಅನುಪಾತ ಒಂದಕ್ಕೆ ಮೂರು. ಅವು 1 ಮತ್ತು 1.01 ಆಗಿದ್ದರೆ ನೂರಾರು ಸುತ್ತು ಬೇಕಾಗುತ್ತಿತ್ತು. ಅದಕ್ಕೆ ಮದ್ದು ಪಲ್ಲಟ. ಕೆಳಗಿನ ಬಲಮೂಲೆಯ ಸಂಖ್ಯೆ ಒಂದು ಐಗನ್ ಮೌಲ್ಯಕ್ಕೆ ಹತ್ತಿರವಿರುತ್ತದೆ ಎಂದು ಊಹಿಸಿ, ಅದನ್ನು ಇಡೀ ಕರ್ಣದಿಂದ ಕಳೆಯಿರಿ. ಒಡೆದು, ತಿರುಗಿಸಿ ಗುಣಿಸಿ, ಕಳೆದದ್ದನ್ನು ಮರಳಿ ಕೂಡಿಸಿ. ಹೀಗೆ ಕಳೆದಾಗ ಆ ಒಂದು ಐಗನ್ ಮೌಲ್ಯ ಸೊನ್ನೆಯ ಸಮೀಪಕ್ಕೆ ಬಂದು, ಅನುಪಾತ ತೀರಾ ಚಿಕ್ಕದಾಗುತ್ತದೆ. 2.8, 1.2ರ ಹಂತದಲ್ಲಿ 1.2ನ್ನು ಕಳೆದು ನೋಡಿ. ಹೊರಗಿನ ಸಂಖ್ಯೆಯ ಗಾತ್ರ 0.6ರಿಂದ ನೇರವಾಗಿ 0.074ಕ್ಕೆ ಇಳಿಯುತ್ತದೆ. ಮುಂದಿನ ಸಲ 0.0001. ಅದರ ಮುಂದಿನ ಸಲ ದಶಾಂಶ ಬಿಂದುವಿನ ನಂತರ ಹನ್ನೆರಡು ಸೊನ್ನೆಗಳು.

ಈ ಪಲ್ಲಟವೂ ಎಡವುವ ಜಾಗವಿದೆ, ಅದು ನಮ್ಮ ಕೋಷ್ಟಕದಲ್ಲೇ ಇದೆ. ಮೊದಲ ಹೆಜ್ಜೆಯಲ್ಲೇ ಮೂಲೆಯ 2ನ್ನು ಕಳೆದಿದ್ದರೆ ಕರ್ಣದಲ್ಲಿ ಎರಡೂ ಸೊನ್ನೆ, ಹೊರಗೆ ಎರಡೂ 1 ಉಳಿಯುತ್ತಿತ್ತು. ಅದನ್ನು ಒಡೆದು ತಿರುಗಿಸಿ ಗುಣಿಸಿದರೆ ಅದೇ ಕೋಷ್ಟಕ ಮರಳಿ ಬರುತ್ತದೆ, ಎಷ್ಟು ಸಲ ಮಾಡಿದರೂ ಅಷ್ಟೇ. 2 ಎಂಬುದು 3 ಮತ್ತು 1ರ ನಟ್ಟನಡುವೆ ಇದೆ, ಯಾವ ಕಡೆಗೂ ವಾಲಲು ಕಾರಣವಿಲ್ಲ. ಸಂಖ್ಯೆಗಳು ಸುತ್ತಿನಿಂದ ಸುತ್ತಿಗೆ ಕದಲದೆ ನಿಂತರೆ ಇಂಥದ್ದೇನೋ ಆಗಿದೆ ಎಂದು ತಿಳಿಯಬೇಕು. ಕರ್ಣದ ಎರಡೂ ಬದಿ ಒಂದೇ ಆಗಿರುವ ಇಂಥ ಸಮ್ಮಿತ ಕೋಷ್ಟಕಗಳಿಗೆ ವಿಲ್ಕಿನ್ಸನ್ ಸೂಚಿಸಿದ ಪಲ್ಲಟ ಬೇರೆ: ಮೂಲೆಯ ಒಂದು ಸಂಖ್ಯೆಯ ಬದಲು, ಮೂಲೆಯ ಎರಡು ಸಾಲು, ಎರಡು ಕಂಬಗಳ ತುಣುಕನ್ನು ತೆಗೆದುಕೊಂಡು ಅದರ ಎರಡು ಐಗನ್ ಮೌಲ್ಯಗಳಲ್ಲಿ ಮೂಲೆಯ ಸಂಖ್ಯೆಗೆ ಹತ್ತಿರದ್ದನ್ನು ಕಳೆಯುವುದು.

ಈ ವಿಧಾನವನ್ನು 1961 ಮತ್ತು 1962ರ ಲೇಖನಗಳಲ್ಲಿ ಪ್ರಕಟಿಸಿದವರು ಇಂಗ್ಲೆಂಡಿನ ಜಾನ್ ಫ್ರಾನ್ಸಿಸ್. ಅದೇ ಸಮಯಕ್ಕೆ ಲೆನಿನ್‌ಗ್ರಾಡಿನಲ್ಲಿ ವೆರಾ ಕುಬ್ಲನೋವ್‌ಸ್ಕಾಯಾ ಸ್ವತಂತ್ರವಾಗಿ ಇದೇ ವಿಚಾರಕ್ಕೆ ಬಂದಿದ್ದರು. ಫ್ರಾನ್ಸಿಸ್ ಸ್ವಲ್ಪ ಕಾಲದಲ್ಲೇ ಈ ಕ್ಷೇತ್ರವನ್ನು ಬಿಟ್ಟು ಹೋದರು. ಗಣಿತಜ್ಞರಾದ ಜೀನ್ ಗಾಲಬ್ ಮತ್ತು ಫ್ರಾಂಕ್ ಉಹ್ಲಿಗ್ 2007ರಲ್ಲಿ ಅವರನ್ನು ಹುಡುಕಿ ಮಾತನಾಡಿಸಿದಾಗ, ತಮ್ಮ ವಿಧಾನ ಇಷ್ಟು ಬಳಕೆಯಲ್ಲಿದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ.

ಫ್ರಾನ್ಸಿಸ್ ಇದಕ್ಕೆ ವೇಗವನ್ನೂ ತಂದರು. ನೂರು ಸಾಲಿನ ಕೋಷ್ಟಕವನ್ನು ಹಾಗೆಯೇ ತೆಗೆದುಕೊಂಡರೆ ಪ್ರತಿ ಸುತ್ತಿಗೂ ಹತ್ತು ಲಕ್ಷದ ಮಟ್ಟದ ಗುಣಾಕಾರಗಳು ಬೇಕು. ಮೊದಲೇ ಒಮ್ಮೆ, ಕರ್ಣದ ಕೆಳಗೆ ಅದಕ್ಕೆ ಅಂಟಿಕೊಂಡ ಒಂದೇ ಒಂದು ಓರೆ ಸಾಲು ಸಂಖ್ಯೆಗಳು ಉಳಿಯುವಂತೆ ಅದನ್ನು ತಿರುಗಿಸಿಟ್ಟುಕೊಂಡರೆ, ಸುತ್ತಿಗೆ ಹತ್ತು ಸಾವಿರದ ಮಟ್ಟದಲ್ಲಿ ಮುಗಿಯುತ್ತದೆ. ಸುತ್ತುಗಳು ಈ ರೂಪವನ್ನು ಕೆಡಿಸುವುದಿಲ್ಲ. ಆ ಓರೆ ಸಾಲಿನ ಕೊನೆಯ ಸಂಖ್ಯೆಯನ್ನು ಪಕ್ಕದ ಕರ್ಣದ ಸಂಖ್ಯೆಗಳೊಂದಿಗೆ ಹೋಲಿಸಿ, ಅದು ಹದಿನಾರನೆಯ ದಶಾಂಶದ ಮಟ್ಟಕ್ಕೆ ಕುಗ್ಗಿದ್ದರೆ ಸೊನ್ನೆ ಎಂದೇ ಬರೆಯುತ್ತಾರೆ. ಆಗ ಮೂಲೆಯ ಐಗನ್ ಮೌಲ್ಯ ಸಿಕ್ಕಿತು. ಒಂದು ಸಾಲು, ಒಂದು ಕಂಬ ಕಳಚಿಟ್ಟು, ಉಳಿದ ತೊಂಬತ್ತೊಂಬತ್ತರೊಂದಿಗೆ ಮುಂದುವರಿಯುತ್ತಾರೆ.

ಐಗನ್ ಮೌಲ್ಯಗಳು ಸಂಕೀರ್ಣ ಜೋಡಿಯಾಗಿದ್ದರೆ ವಾಸ್ತವ ಸಂಖ್ಯೆಗಳಲ್ಲಿ ಕೆಲಸ ಮಾಡುವ ಕೋಷ್ಟಕದಲ್ಲಿ ಅವು ಕರ್ಣದ ಮೇಲೆ ಒಂಟಿಯಾಗಿ ಕೂರಲಾರವು. ಎರಡು ಸಾಲಿನ ತುಣುಕೊಂದು ಕರಗದೆ ಉಳಿಯುತ್ತದೆ, ಅದರಿಂದ ಜೋಡಿಯನ್ನು ವರ್ಗ ಸಮೀಕರಣದ ಮೂಲಕ ಪಡೆಯುತ್ತಾರೆ. ಹತ್ತು ಲಕ್ಷ ಸಾಲಿನ, ಬಹುಪಾಲು ಸೊನ್ನೆಗಳೇ ತುಂಬಿದ ಕೋಷ್ಟಕಕ್ಕೆ ಮಾತ್ರ ಈ ವಿಧಾನ ಹೊಂದುವುದಿಲ್ಲ, ತಿರುಗಿಸಿದ ಕೂಡಲೇ ಆ ಸೊನ್ನೆಗಳೆಲ್ಲ ತುಂಬಿಕೊಂಡು ಕಂಪ್ಯೂಟರಿನ ನೆನಪು ಸಾಲದಾಗುತ್ತದೆ. ಅಲ್ಲಿ ಬೇರೆ ವಿಧಾನಗಳಿಂದ ದೊಡ್ಡ ಕೋಷ್ಟಕದ ಸಾರವನ್ನು ಕೆಲವೇ ನೂರು ಸಾಲಿನ ಪುಟ್ಟ ಕೋಷ್ಟಕಕ್ಕೆ ಇಳಿಸಿಕೊಳ್ಳುತ್ತಾರೆ. ಆ ಪುಟ್ಟ ಕೋಷ್ಟಕದ ಐಗನ್ ಮೌಲ್ಯಗಳನ್ನು ತೆಗೆಯಲು ಸಾಮಾನ್ಯವಾಗಿ ಮತ್ತೆ ಕರೆಯುವುದು ಕ್ಯೂಆರ್ ಅನ್ನೇ.

ನಮಸ್ಕಾರ.